ಗ್ಯಾಪ್ ವಿಷಯ ಮೊದಲ ಮೆಸೇಜಿನಲ್ಲೇ ಹೇಳಬೇಕಾ?

"8 ವರ್ಷ ಮನೆಯಲ್ಲಿದ್ದೆ, ಈಗ ಮತ್ತೆ ಅಕೌಂಟ್ಸ್ ಕೆಲಸ ಹುಡುಕ್ತಿದ್ದೀನಿ. ಇಷ್ಟು ವರ್ಷ ಮಾತೇ ಆಡಿಸದ ಹಳೇ ಸಹೋದ್ಯೋಗಿಗಳಿಗೆ ಏನಂತ ಮೆಸೇಜ್ ಮಾಡಲಿ? ಗ್ಯಾಪ್ ವಿಷಯ ಮೊದಲೇ ಹೇಳಬೇಕಾ?"

ಹೇಳಿಬಿಡಿ, ಮೊದಲ ಮೆಸೇಜಿನಲ್ಲೇ. ನಾನು ಕೆಲಸ ಬಿಟ್ಟಿದ್ದು 2016ರಲ್ಲಿ, ವ್ಯಾಟ್ ಮತ್ತು ಸರ್ವಿಸ್ ಟ್ಯಾಕ್ಸ್ ರಿಟರ್ನ್ ತುಂಬುತ್ತಿದ್ದ ಕಾಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ಅದನ್ನು ಕೈಯಾರೆ ಮಾಡಿದವರು ಯಾರು, ಮಾಡದವರು ಯಾರು ಅಂತ ನಮ್ಮ ಕ್ಷೇತ್ರದವರಿಗೆ ಎರಡೇ ಪ್ರಶ್ನೆಯಲ್ಲಿ ತಿಳಿಯುತ್ತೆ. ಪಿಎಫ್ ಇದ್ದ ಕೆಲಸವಾಗಿದ್ದರೆ ಯುಎಎನ್‌ನ ಸರ್ವಿಸ್ ಹಿಸ್ಟರಿಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ಎಚ್‌ಆರ್‌ನವರು ಅದನ್ನು ನೋಡಿದಾಗ ಮುಜುಗರವಾಗುವುದು ನಿಮಗಿಂತ ಹೆಚ್ಚಾಗಿ ನಿಮ್ಮ ಹೆಸರು ಸೂಚಿಸಿದವರಿಗೆ.

ನಾನು ಹಳೇ ಸೀನಿಯರ್ ಒಬ್ಬರಿಗೆ ಬರೆದಿದ್ದು ಹೆಚ್ಚುಕಮ್ಮಿ ಹೀಗಿತ್ತು:

"ಸರ್ ನಮಸ್ತೆ, ನಿಮ್ಮ ಟೀಮಿನಲ್ಲಿ ಪರ್ಚೇಸ್ ಬಿಲ್ ನೋಡ್ಕೋತಿದ್ದೆ, ನೆನಪಿರಬಹುದು. 2016ರಲ್ಲಿ ಮನೆಯ ಕಾರಣಕ್ಕೆ ಬಿಟ್ಟೆ, ಆಮೇಲೆ ಎಲ್ಲೂ ಕೆಲಸ ಮಾಡಿಲ್ಲ. ಇಷ್ಟು ದಿನ ಸಂಪರ್ಕದಲ್ಲೂ ಇರಲಿಲ್ಲ. ಈಗ ಜಿಎಸ್‌ಟಿ ಕಲೀತಿದ್ದೀನಿ, ರಿಟರ್ನ್ ಸ್ವತಃ ಫೈಲ್ ಮಾಡಿಲ್ಲ. ನಿಮ್ಮಲ್ಲಿ ಹೊಸಬರಿಗೆ ಮೊದಲು ಯಾವ ಕೆಲಸ ಕೊಡ್ತಾರೆ ಅಂತ ಹತ್ತು ನಿಮಿಷ ಕೇಳಬಹುದಾ?"

"ಮನೆಯ ಕಾರಣ" ಸಾಕು. ಅತ್ತೆಯವರ ಆಪರೇಷನ್, ಮಗುವಿನ ಸ್ಕೂಲು ಎಲ್ಲ ಬಿಡಿಸಿ ಬರೆದರೆ ಓದಿದವರಿಗೆ ಏನು ಉತ್ತರಿಸಬೇಕೋ ತೋಚಲ್ಲ. ಇನ್ನು "ನಿಮ್ಮಲ್ಲಿ ಏನಾದ್ರೂ ಖಾಲಿ ಇದ್ಯಾ?" ಅಂದರೆ "ಇದ್ರೆ ಹೇಳ್ತೀನಮ್ಮಾ" ಅಂತ ಬರುತ್ತೆ, ಮಾತು ಅಲ್ಲಿಗೇ ಮುಗೀತು.

ಆ ಸೀನಿಯರ್ ಫೋನ್ ಮಾಡಿದವರೇ ಕೇಳಿದ್ದು, "2ಬಿ ಮ್ಯಾಚ್ ಮಾಡೋಕೆ ಬರುತ್ತೇನಮ್ಮಾ?" ಸಪ್ಲೈಯರ್ ತನ್ನ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ನಮ್ಮ ಬಿಲ್ ತೋರಿಸದಿದ್ದರೆ ಅದು ನಮ್ಮ ಕ್ರೆಡಿಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಗೆ ಬರೋದಿಲ್ಲ, ಆ ಬಿಲ್ಲಿನ ತೆರಿಗೆಯ ಕ್ರೆಡಿಟ್ ನಿಲ್ಲುತ್ತೆ. ಹಾಗಾಗಿ ಪರ್ಚೇಸ್ ರಿಜಿಸ್ಟರ್ ಇಟ್ಟುಕೊಂಡು ಬಿಲ್ ಬಿಲ್ಲೂ ತಾಳೆ ನೋಡಬೇಕು. "ಎಕ್ಸೆಲ್‌ನಲ್ಲಿ ಅಭ್ಯಾಸ ಮಾಡಿದ್ದೀನಿ ಸರ್, ನಿಜವಾದ ಡೇಟಾ ಮೇಲೆ ಮಾಡಿಲ್ಲ" ಅಂದೆ. ಆ ಉತ್ತರದಿಂದಲೇ ಅವರಿಗೆ ನನ್ನನ್ನು ಎಲ್ಲಿ ಕೂರಿಸಬಹುದು ಅಂತ ಗೊತ್ತಾಯಿತು. ಫೈಲಿಂಗ್ ಬೇರೆಯವರದು, ತಾಳೆ ನೋಡಿ ಸಪ್ಲೈಯರ್‌ಗಳ ಬೆನ್ನು ಬೀಳುವುದು ನನ್ನದು. ಸಂಬಳ ಹಳೇ ಲೆಕ್ಕದಲ್ಲಿ ಸಿಗಲಿಲ್ಲ, ಅದನ್ನೂ ಹೇಳಿಬಿಡ್ತೀನಿ.

ಕಳಿಸುವ ದಿನಾನೂ ನೋಡಿಕೊಳ್ಳಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ತುಂಬಲು ಕೊನೆ ದಿನ. ಅಷ್ಟರೊಳಗೆ ಅಕೌಂಟ್ಸ್‌ನವರಿಗೆ ತಲೆ ಎತ್ತಲು ಪುರುಸೊತ್ತಿರಲ್ಲ. 20 ದಾಟಿದ ಮೇಲೆ ಕಳಿಸಿ. ಉತ್ತರ ಬರದಿದ್ದರೆ ಮುಂದಿನ ತಿಂಗಳು ಅದೇ ಹೊತ್ತಿಗೆ ಒಂದು ಸಲ ನೆನಪಿಸಿ, ಆಮೇಲೆ ಬೇರೆಯವರನ್ನು ಕೇಳಿ.