ಪಾಠಕ್ಕಿಂತ ಮೊದಲು ಮನೆಗೊಂದು ಚೀಟಿ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಾಲೆಯೊಂದರಲ್ಲಿ ಒಂದನೇ ತರಗತಿ ಟೀಚರ್. ಹೋದ ವರ್ಷ ‘ಗುಡ್ ಟಚ್, ಬ್ಯಾಡ್ ಟಚ್’ ಪಾಠ ಮಾಡಿದ ಮರುದಿನ ಒಬ್ಬ ತಾಯಿ ಬಂದು, ‘ಸಣ್ಣ ಹುಡುಗರಿಗೆ ಇಂಥಾದ್ದೆಲ್ಲಾ ಯಾಕ ಕಲಿಸ್ತೀರಿ?’ ಅಂತ ಜಗಳ ತೆಗೆದರು. ಈ ಸಲ ಪಾಲಕರಿಗೆ ಮೊದಲೇ ಏನು ಬರೆದು ಕಳಿಸಲಿ? ಮಕ್ಕಳಿಗೆ ಎಷ್ಟು ಹೇಳಲಿ?

ಉತ್ತರ: ಮಗು ಸಂಜೆ ಮನೆಗೆ ಬಂದು ಹೊಸ ಮಾತೊಂದನ್ನು ಆಡಿದಾಗ, ಅದು ಎಲ್ಲಿಂದ ಬಂತೆಂದು ಗೊತ್ತಿಲ್ಲದ ತಾಯಿ ಗಾಬರಿಯಾಗುತ್ತಾರೆ. ಅದಕ್ಕೇ ನೀವು ತರಗತಿಯಲ್ಲಿ ಆಡಲಿರುವ ಮಾತುಗಳನ್ನೇ ಚೀಟಿಯಲ್ಲಿ ಬರೆದು, ಒಂದು ವಾರ ಮೊದಲು ಕಳಿಸಿ. ಹೀಗೆ ಬರೆಯಬಹುದು:

‘ಬರುವ ಗುರುವಾರ ನಿಮ್ಮ ಮಗುವಿಗೆ 20 ನಿಮಿಷ ಮೈ ಸುರಕ್ಷತೆಯ ಪಾಠ ಇದೆ. ಎದೆ ಮತ್ತು ಚಡ್ಡಿ ಮುಚ್ಚುವ ಜಾಗ ಖಾಸಗಿ. ಮೈ ತೊಳೆಸಲು, ಔಷಧ ಹಚ್ಚಲು ಬಿಟ್ಟರೆ ಅದನ್ನು ಬೇರೆಯವರು ಮುಟ್ಟಬಾರದು, ಫೋಟೊ ತೆಗೆಯಬಾರದು, ತಮ್ಮದನ್ನು ಮುಟ್ಟು ಅಂತಲೂ ಹೇಳಬಾರದು. ಹಾಗೆ ಆದರೆ ದೊಡ್ಡವರಿಗೆ ಹೇಳಬೇಕು. ಇಷ್ಟೇ ಕಲಿಸುತ್ತೇವೆ. ಗಂಡು ಹೆಣ್ಣಿನ ಸಂಬಂಧದ ಮಾತು ಇರುವುದಿಲ್ಲ. ಮಗು ಮನೆಯಲ್ಲಿ ಏನು ಕೇಳಿದರೂ ಬೈಯಬೇಡಿ. ಯಾರೋ ಮುಟ್ಟಿದರು ಅಂದರೆ, “ಹೇಳಿದ್ದು ಚಲೋ ಆತು, ನಿನ್ನ ತಪ್ಪಿಲ್ಲ” ಅನ್ನಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ. ನನಗೆ ತಿಳಿಸಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.’

ಚೀಟಿ ಕೊಟ್ಟರಷ್ಟೇ ಸಾಲದು. ನಮ್ಮ ಕಡೆ ಎಷ್ಟೋ ಮಕ್ಕಳ ಅಪ್ಪ ಅವ್ವ ದುಡಿಯಲು ಬೆಂಗಳೂರಿಗೆ ಹೋಗಿರುತ್ತಾರೆ, ಮಗುವಿಗೆ ಮೈ ತೊಳೆಸುವವಳು ಆಯಿ. ಚೀಟಿಯ ಮಾತು ಮುಟ್ಟಬೇಕಾದದ್ದು ಅವಳಿಗೆ. ಓದಲು ಬಾರದವರನ್ನು ಕರೆದು ಓದಿ ಹೇಳಿ. ಮನೆಮಾತು ಉರ್ದು ಅಥವಾ ಲಂಬಾಣಿ ಇದ್ದರೆ, ಆ ಭಾಷೆ ಬಲ್ಲ ಪಾಲಕರೊಬ್ಬರಿಂದ ಮಾತಾಡಿಸಿ ವಾಟ್ಸಾಪ್‌ನಲ್ಲಿ ಕಳಿಸಿ.

ಇನ್ನು ಪಾಠ. ‘ಗುಡ್, ಬ್ಯಾಡ್’ ಎಂಬ ಜೋಡಿಯನ್ನು ನಾನು ಬಿಟ್ಟು ವರ್ಷಗಳಾದವು. ಕೆಟ್ಟದಾಗಿ ಮುಟ್ಟುವವರು ಚಾಕಲೇಟ್ ಕೊಟ್ಟು, ಕಚಗುಳಿ ಇಟ್ಟು, ಮುದ್ದು ಮಾಡಿಯೇ ಮುಟ್ಟುತ್ತಾರೆ. ಮಗುವಿಗೆ ಅದು ‘ಬ್ಯಾಡ್’ ಅನ್ನಿಸುವುದೇ ಇಲ್ಲ. ಸೂಜಿ ಚುಚ್ಚುವ ನರ್ಸಮ್ಮ ಮಾತ್ರ ಬ್ಯಾಡ್ ಆಗಿಬಿಡುತ್ತಾಳೆ! ಆರು ವರ್ಷದ ಮಗುವಿಗೆ ಕಣ್ಣಿಗೆ ಕಾಣುವ ಗುರುತು ಬೇಕು. ಹಲಗೆಯ ಮೇಲೆ ಒಂದು ಗೊಂಬೆ ಬರೆದು ಎದೆಯ ಭಾಗಕ್ಕೂ ಚಡ್ಡಿಯ ಭಾಗಕ್ಕೂ ಬಣ್ಣ ಹಚ್ಚಿ. ಯಾವ ಮಗುವಿನ ಮೈಮೇಲೂ ತೋರಿಸಬೇಡಿ.

ಆಳಂದ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನು ‘ಇಲ್ಲಿ ಯಾರೂ ಮುಟ್ಟಬಾರದು’ ಅಂದೆ. ಮುಂದಿನ ಸಾಲಿನ ಹುಡುಗ ಎದ್ದು ನಿಂತ: ‘ಆಯಿ ನನಗ ಮೈ ತೊಳಸ್ತಾಳ್ರೀ. ನಾಳಿಂದ ಬ್ಯಾಡ ಅನ್ಲೇನು?’ ತಪ್ಪು ನನ್ನದು. ಈಗ ನಿಧಾನವಾಗಿ ಹೇಳುತ್ತೇನೆ: ‘ಮೈ ತೊಳಿಯಾಕ, ಗಾಯಕ್ಕ ಔಷಧ ಹಚ್ಚಾಕ ಅವ್ವ, ಆಯಿ ಮುಟ್ಟಬಹುದು. ಡಾಕ್ಟರ್ ನೋಡುವಾಗ ಮನಿಯವರು ಬಾಜೂಕ ಇರಬೇಕು. ಆದರ ಯಾರೇ ಆಗಲಿ, “ಇದನ್ನ ಯಾರಿಗೂ ಹೇಳಬ್ಯಾಡ” ಅಂದ್ರ, ಅದನ್ನೇ ಮೊದಲ ಬಂದು ಹೇಳಬೇಕು.’ ಕೊನೆಯ ಈ ಮಾತನ್ನು ಬಿಡಬೇಡಿ. ಮಕ್ಕಳಿಗೆ ತೊಂದರೆ ಕೊಡುವವರು ಬಹಳಷ್ಟು ಸಲ ಗುರುತಿನವರೇ. ಆಗ ಮಗುವಿಗೆ ಉಳಿಯುವ ಗುರುತು ಈ ‘ಗುಟ್ಟು’ ಒಂದೇ.

‘ಚೀರು, ಓಡು’ ಅಂತ ಹೇಳಿಕೊಟ್ಟರೆ ತಪ್ಪಿಲ್ಲ. ಆದರೆ ಹೆದರಿದ ಮಗುವಿಗೆ ದನಿಯೇ ಹೊರಡದೆ ಇರಬಹುದು. ಆಮೇಲೆ ‘ನಾನು ಚೀರಲಿಲ್ಲ’ ಎಂದು ತನ್ನದೇ ತಪ್ಪೆಂದುಕೊಳ್ಳುತ್ತದೆ. ‘ಅವತ್ತು ಸುಮ್ಮನಿದ್ರೂ ಆಮೇಲೆ ಹೇಳಬಹುದು’ ಅನ್ನಿ.

ಕೊನೆಯ ಐದು ನಿಮಿಷ ಹೇಳುವ ಆಟ. ‘ಅವ್ವ ರೊಟ್ಟಿ ಬಡೀತಿದ್ದಾಳ, ನಿನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಏನ್ ಮಾಡ್ತಿ?’ ಎಂದು ಕೇಳಿ. ಒಂದೊಂದು ಬೆರಳಿಗೆ ಒಬ್ಬರಂತೆ, ಹೇಳಬಹುದಾದ ಐದು ಮಂದಿಯನ್ನು ಮಗುವೇ ಎಣಿಸಲಿ. ಐವರೂ ಒಂದೇ ಮನೆಯವರಾದರೆ ಒಂದು ಬೆರಳಿಗೆ ಹೊರಗಿನವರ ಹೆಸರು ಸೇರಿಸಿ; ತೊಂದರೆ ಮನೆಯೊಳಗೇ ಇದ್ದರೆ ಉಳಿದ ನಾಲ್ಕೂ ಬೆರಳು ಉಪಯೋಗಕ್ಕೆ ಬಾರದೆ ಹೋಗಬಹುದು.

ಪಾಠವಾದ ಮೇಲೆ ಒಂದೆರಡು ದಿನ ಬಿಡುವಿನಲ್ಲಿ ಕಟ್ಟೆಯ ಮೇಲೆ ಕೂತಿರಿ. ಹೇಳುವ ಮಗು ತರಗತಿಯಲ್ಲಿ ಹೇಳುವುದಿಲ್ಲ, ಸುಮ್ಮನೆ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ‘ಆಮೇಲೆ?’ ಎಂಬುದಷ್ಟೇ ನಿಮ್ಮ ಪ್ರಶ್ನೆಯಾಗಲಿ. ‘ಕಾಕಾ ಮುಟ್ಟಿದನೇನು?’ ಅಂತ ಹೆಸರು ನೀವೇ ಬಾಯಿಗೆ ಹಾಕಬೇಡಿ. ಮಗು ಆಡಿದ ಮಾತನ್ನು ಆಡಿದ ಹಾಗೆಯೇ, ತಾರೀಖು ಹಾಕಿ ಬರೆದಿಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. ಊರ ಹಿರಿಯರು ‘ಕೂತು ಬಗೆಹರಿಸೋಣ’ ಅಂದರೂ ಒಪ್ಪಬೇಡಿ. ನಿಜವೋ ಸುಳ್ಳೋ ಎಂದು ತನಿಖೆ ಮಾಡುವುದು ನಿಮ್ಮ ಕೆಲಸವಲ್ಲ. ಮಗುವಿನ ಹೆಸರು ಸ್ಟಾಫ್ ರೂಮಿನಲ್ಲಿ ಚರ್ಚೆಗೂ ಬರಬಾರದು.