ಮಗಳ ಹಳೇ ಖಾತೆ ತೆಗೆಸೋದು ಹೇಗೆ?

*“ಮಗಳಿಗೆ ಈಗ 11 ವರ್ಷ. ಎರಡು ವರ್ಷದ ಹಿಂದೆ ಅಜ್ಜಿಯ ಫೋನಿನಲ್ಲಿ ಹುಟ್ಟಿದ ವರ್ಷ ಸುಳ್ಳು ಹೇಳಿ ಇನ್‌ಸ್ಟಾಗ್ರಾಂ ಖಾತೆ ತೆರೆದಿದ್ದಳು. ಶಾಲೆ ಯೂನಿಫಾರ್ಮ್‌ನಲ್ಲಿ ಕುಣಿದ ವಿಡಿಯೋಗಳು ಅದರಲ್ಲಿವೆ. ಪಾಸ್‌ವರ್ಡ್ ಮರೆತಿದೆ, ಆ ಸಿಮ್ಮೂ ಈಗಿಲ್ಲ. ತೆಗೆಸೋದು ಹೇಗೆ?” — ಒಬ್ಬ ತಾಯಿ, ಹಾಸನ*

ಅಮ್ಮಾ, ಮಗಳ ವಯಸ್ಸೇ ಇಲ್ಲಿ ನಿಮಗೆ ಬಲ. ಇನ್‌ಸ್ಟಾಗ್ರಾಂ 13 ತುಂಬದವರಿಗೆ ಖಾತೆ ಕೊಡುವುದಿಲ್ಲ. ಹಾಗಾಗಿ ಪಾಸ್‌ವರ್ಡ್ ಇಲ್ಲದೆಯೂ ತೆಗೆಸಬಹುದು.

ಮೊದಲು ಆ ಖಾತೆಯ ಪುಟ ತೆರೆದು ಯೂಸರ್‌ನೇಮ್ ಬರೆದುಕೊಳ್ಳಿ. ಪ್ರೊಫೈಲಿನಲ್ಲಿ ಬರೆದ ಮಾಮೂಲಿ ಹೆಸರಲ್ಲ. ಆ ಹೆಸರು ನೂರು ಜನಕ್ಕೆ ಇರುತ್ತೆ. instagram.com/ ಆದ ಮೇಲೆ ಬರುತ್ತಲ್ಲ, ಅದು ಒಬ್ಬರಿಗೇ ಇರೋದು. ಬೇಡದ ವಿಡಿಯೋಗಳ ಲಿಂಕ್‌ಗಳನ್ನೂ ಈಗಲೇ ಉಳಿಸಿಕೊಳ್ಳಿ. ಆಮೇಲೆ ಇನ್‌ಸ್ಟಾಗ್ರಾಂನ Help Center‌ನಲ್ಲಿ 13ರೊಳಗಿನ ಮಕ್ಕಳ ಖಾತೆ ಬಗ್ಗೆ ದೂರು ಕೊಡುವ ಫಾರ್ಮ್ ಹುಡುಕಿ. ಯೂಸರ್‌ನೇಮ್, ಮಗಳ ನಿಜವಾದ ವಯಸ್ಸು, ನೀವು ತಾಯಿ ಅನ್ನೋದು, ಎಲ್ಲ ಸ್ಪಷ್ಟವಾಗಿ ಬರೆಯಿರಿ. ಖಾತೆಯೊಳಗೆ ಸುಳ್ಳು ವರ್ಷ ಇದೆ ಅನ್ನೋದನ್ನೂ ನೀವೇ ಹೇಳಿ. ಇಲ್ಲದಿದ್ದರೆ ಅವರ ದಾಖಲೆಯಲ್ಲಿ ಅವಳು ದೊಡ್ಡವಳೇ. ಜನನ ಪ್ರಮಾಣಪತ್ರ ಕೈಯಲ್ಲಿರಲಿ, ಕೇಳಿದರೆ ಕೊಡಬಹುದು. ನೆಂಟರಿಗೆಲ್ಲ ಹೇಳಿ ಸುಮ್ನೆ ‘ಸ್ಪ್ಯಾಮ್’ ಅಂತ ರಿಪೋರ್ಟ್ ಮಾಡಿಸಬೇಡಿ. ಕಾರಣವೇ ತಪ್ಪಾದರೆ ಉಪಯೋಗವಿಲ್ಲ.

ತಡ ಮಾಡಬೇಡಿ ಅನ್ನೋಕೆ ಒಂದು ಕಾರಣ ಇದೆ. ಬಂದ್ ಆದ ಮೊಬೈಲ್ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಆಗ ಖಾತೆಯ ಓಟಿಪಿ ಅವರ ಕೈಗೆ ಹೋಗುತ್ತೆ.

ಖಾತೆಗೆ ಇಮೇಲ್ ಕೂಡ ಸೇರಿಸಿದ್ದರೆ, ಅದರ ಮೂಲಕ ಪಾಸ್‌ವರ್ಡ್ ಬದಲಿಸಿ ಒಳಗೆ ಹೋಗಿ. Accounts Center‌ನಲ್ಲಿ ಅಳಿಸುವ ಆಯ್ಕೆ ಇದೆ. Deactivate ಬೇಡ, ಅದು ಖಾತೆಯನ್ನು ಬರೀ ಮರೆಮಾಡುತ್ತೆ. Delete ಒತ್ತಿ. ಅಲ್ಲಿಂದ 30 ದಿನ ಯಾರೂ ಲಾಗಿನ್ ಆಗಬಾರದು. ಅಷ್ಟರಲ್ಲಿ ಮಗಳು “ಒಂದ್ಸಲ ನೋಡ್ತೀನಿ” ಅಂತ ಒಳಗೆ ಹೋಗಿ ಖಾತೆ ಉಳಿಸಿಕೊಂಡರೆ ನೀವು ಮಾಡಿದ್ದೆಲ್ಲ ರದ್ದು. ಅವಳಿಗೆ ಮೊದಲೇ ಹೇಳಿಡಿ.

ಖಾತೆ ಹೋದರೆ ಅದರ ವಿಡಿಯೋಗಳೂ ಹೋಗುತ್ತವೆ. ಬೇರೆಯವರು ತಮ್ಮ ಖಾತೆಗೆ ಹಾಕಿಕೊಂಡ ಪ್ರತಿಗಳು ಮಾತ್ರ ಹಾಗೇ ಇರುತ್ತವೆ. ಅಂಥ ಒಂದೊಂದು ಲಿಂಕಿಗೂ ಬೇರೆ ದೂರು ಬೇಕು. ಗೂಗಲ್ ಹುಡುಕಾಟದಲ್ಲಿ ಅವಳ ಫೋಟೊ ಬರುತ್ತಿದ್ದರೆ, 18ರೊಳಗಿನವರ ಚಿತ್ರ ತೆಗೆಸಲು ಗೂಗಲ್‌ನದೇ ಕೋರಿಕೆ ಇದೆ, ತಾಯಿ ತಂದೆ ಕಳಿಸಬಹುದು. ಅದು ಹುಡುಕಾಟದಿಂದ ಮಾತ್ರ ತೆಗೆಯುತ್ತೆ, ಮೂಲ ಪುಟದಿಂದ ಅಲ್ಲ.

ಇನ್‌ಸ್ಟಾಗ್ರಾಂ ಒಪ್ಪದಿದ್ದರೆ ಭಾರತದ ದೂರುಗಳನ್ನು ನೋಡಲು ಅವರು ನೇಮಿಸಿರುವ ಗ್ರೀವೆನ್ಸ್ ಆಫೀಸರ್‌ಗೆ ಬರೆಯಿರಿ. ಅವರ ಉತ್ತರವೂ ಸಮಾಧಾನ ಕೊಡದಿದ್ದರೆ, ಅದು ಬಂದ 30 ದಿನದೊಳಗೆ gac.gov.in ನಲ್ಲಿ ಕೇಂದ್ರ ಸರ್ಕಾರದ ಸಮಿತಿಗೆ ಮೇಲ್ಮನವಿ ಹಾಕಬಹುದು. ಕಳಿಸಿದ ಪ್ರತಿ ಫಾರ್ಮಿನ ಸ್ಕ್ರೀನ್‌ಶಾಟ್ ದಿನಾಂಕದ ಸಮೇತ ಇಟ್ಟುಕೊಳ್ಳಿ, ಅಲ್ಲಿ ಬೇಕಾಗುತ್ತೆ.

ಮಗಳಿಗೆ 13 ತುಂಬಿದರೆ ಈ ಫಾರ್ಮಿನ ದಾರಿ ಮುಚ್ಚುತ್ತೆ. ಆಮೇಲೆ ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಯಿಂದಲೇ ಅಳಿಸಬೇಕಾಗುತ್ತೆ. ಈ ವಾರವೇ ಫಾರ್ಮ್ ಕಳಿಸಿಬಿಡಿ.

— ಸಂಪಾದಕ