ಹಾಸ್ಟೆಲ್‌ನಲ್ಲಿ ವಾಂತಿ-ಭೇದಿ: ಅಡುಗೆಮನೆಗಿಂತ ಮೊದಲು ಪೊರಕೆ ನೋಡಿ

ಪ್ರಶ್ನೆ: "ಯಾದಗಿರಿ ಕಡೆ ಹಾಸ್ಟೆಲ್ ವಾರ್ಡನ್ ನಾನು. ಹುಡುಗರಿಗೆ ಸಾಲಾಗಿ ವಾಂತಿ-ಭೇದಿ. ಟ್ಯಾಂಕ್ ತೊಳೆಸಿದೆ, ಫಿನಾಯಿಲ್ ಹಾಕಿಸಿದೆ, ಸ್ಯಾನಿಟೈಸರ್ ಇಟ್ಟೆ. ನಿಲ್ಲುತ್ತಿಲ್ಲ. ಅಡುಗೆಯವರನ್ನು ಬದಲಿಸಬೇಕಾ?"

ಬೇಡ. ಮೊದಲು ಒಂದು ಹಾಳೆ ತಗೊಂಡು ಬರೆಯಿರಿ: ಯಾರಿಗೆ ಬಂತು, ಯಾವ ರೂಮು, ಎಷ್ಟು ಹೊತ್ತಿಗೆ. ಕಲಬುರಗಿಯಲ್ಲಿ ನಾನು ವಾರ್ಡನ್ ಆಗಿದ್ದಾಗ ಈ ಪಟ್ಟಿಯನ್ನು ತಡವಾಗಿ ಬರೆದೆ. ಅಷ್ಟರಲ್ಲಿ ಅರ್ಧ ಹಾಸ್ಟೆಲ್ ಮಲಗಿತ್ತು.

ನಮ್ಮಲ್ಲಿ ಶುರುವಾಗಿದ್ದು ಭಾನುವಾರ ರಾತ್ರಿ. ಊರಿಂದ ಬಂದ ಹುಡುಗನೊಬ್ಬ ಊಟದ ಹಾಲ್ ಬಾಗಿಲಲ್ಲೇ ವಾಂತಿ ಮಾಡಿದ. ಸೋಮವಾರ ಎಲ್ಲ ಶಾಂತ. ಮಂಗಳವಾರ ಬೆಳಗಾಗುವಷ್ಟರಲ್ಲಿ ಆ ಬಾಗಿಲ ಹತ್ತಿರ ಕೂತು ಉಂಡವರು ಮತ್ತು ಅವನ ರೂಮಿನವರು ಬಿದ್ದರು. ಗುರುವಾರ ಅವರ ಅಕ್ಕಪಕ್ಕದ ರೂಮಿನವರು. ಇವರಲ್ಲಿ ಮೆಸ್ ಊಟ ಮುಟ್ಟದೆ ಹೊರಗೆ ತಿಂದವರೂ ಇದ್ದರು. ಕೆಟ್ಟ ಊಟದ ವಿಷವಾದರೆ ಉಂಡವರೆಲ್ಲ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಒಟ್ಟಿಗೆ ಬೀಳುತ್ತಾರೆ. ಹೀಗೆ ಅಲೆ ಅಲೆಯಾಗಿ ಬಂದು, ಅರ್ಧಕ್ಕಿಂತ ಜಾಸ್ತಿ ಜನರಿಗೆ ವಾಂತಿ ಇದ್ದು, ಒಂದು-ಎರಡು ದಿನದಲ್ಲಿ ಹುಷಾರಾದರೆ ನೊರೊವೈರಸ್ ಮೇಲೆ ಅನುಮಾನ ಪಡಬೇಕು. ಅದು ಹೊಟ್ಟೆ ಸೇರಿ 12ರಿಂದ 48 ಗಂಟೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆ ಸೋಮವಾರದ ಶಾಂತಿಯ ಗುಟ್ಟು ಅದೇ.

ನಮ್ಮನ್ನು ಕೆಡವಿದ್ದು ಪೊರಕೆ. ವಾಂತಿ ಮೇಲೆ ಮಣ್ಣು ಹಾಕಿ, ಒಣಗಿದ ಮೇಲೆ ಗುಡಿಸಿ, ಫಿನಾಯಿಲ್ ಒರೆಸಲು ಹೇಳಿದವನು ನಾನೇ. ಎಲ್ಲ ಕಡೆ ಹಾಗೇ ಮಾಡ್ತಾರೆ ಅಲ್ವಾ? ಆದರೆ ನೊರೊವೈರಸ್‌ನ ನೂರಕ್ಕಿಂತ ಕಡಿಮೆ ಕಣ ಸಾಕು ಒಬ್ಬರನ್ನು ಮಲಗಿಸಲು. ಒಂದು ವಾಂತಿಯಲ್ಲಿ ಲೆಕ್ಕವಿಲ್ಲದಷ್ಟು ಕಣ ಇರುತ್ತವೆ. ವಾಂತಿ ಮಾಡುವಾಗಲೇ ಸಣ್ಣ ಹನಿಗಳು ಸಿಡಿದು ಸುತ್ತಲಿನ ಬೆಂಚು, ತಟ್ಟೆ, ಬಾಗಿಲ ಚಿಲಕದ ಮೇಲೆ ಕೂರುತ್ತವೆ. ಒಣ ಪೊರಕೆ ಉಳಿದದ್ದನ್ನೂ ಎಬ್ಬಿಸಿ ಹರಡುತ್ತದೆ. ಅದೇ ಪೊರಕೆ ಆಮೇಲೆ ರೂಮಿಂದ ರೂಮಿಗೆ ಹೋಯಿತು. ಕೆಲಸದ ಅಕ್ಕ ಕೇಳುತ್ತಿದ್ದರು, "ಸರ, ಇಷ್ಟ್ ಫಿನಾಯಿಲ್ ಹಾಕೀವಿ, ಮತ್ತ್ಯಾಕ ಬರ್ತದ?" ವಾಸನೆ ಹೋಗಿತ್ತು, ವೈರಸ್ ಹೋಗಿರಲಿಲ್ಲ. ಫಿನಾಯಿಲ್ ಇದಕ್ಕೆ ನಂಬುವ ಮದ್ದಲ್ಲ. ಸ್ಯಾನಿಟೈಸರ್ ಕೂಡ ಅಷ್ಟೇ. ಕೊರೊನಾ ವೈರಸ್‌ಗೆ ಕೊಬ್ಬಿನ ಹೊದಿಕೆ ಇತ್ತು, ಆಲ್ಕೋಹಾಲ್ ಅದನ್ನು ಒಡೆಯುತ್ತಿತ್ತು. ನೊರೊಗೆ ಆ ಹೊದಿಕೆಯೇ ಇಲ್ಲ. ಬಾಗಿಲ ಬಾಟಲಿ ತೆಗೆದು ಅಲ್ಲಿ ಸೋಪು, ನಲ್ಲಿ ನೀರು ಕೊಡಿ.

ನೆಲಕ್ಕೆ ಬ್ಲೀಚಿಂಗ್ ಪೌಡರ್ ಬೇಕು. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಸಿ. ವಾಂತಿ ಮೇಲೆ ಹಳೆ ಪೇಪರ್ ಮುಚ್ಚಿ, ಹೊರಗಿನಿಂದ ಒಳಕ್ಕೆ ಬಳಿದು, ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ. ಆಮೇಲೆ ಸೋಪು ನೀರಲ್ಲಿ ತೊಳೆಯಿರಿ. ಕೊಳೆ ಉಳಿದರೆ ಕ್ಲೋರಿನ್ ಅದರ ಮೇಲೇ ಖರ್ಚಾಗುತ್ತದೆ. ನಂತರ ಒಂದು ಲೀಟರ್ ನೀರಿಗೆ 15-20 ಗ್ರಾಂ ಪೌಡರ್ ಕಲಸಿ ಸುತ್ತಲೂ ಎರಡು ಮೀಟರ್‌ವರೆಗೆ ಹಾಕಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ಚಿಲಕ, ನಲ್ಲಿಯ ಹಿಡಿಗಳನ್ನೂ ಇದರಲ್ಲೇ ಒರೆಸಿ, ಆಮೇಲೆ ಬರೀ ನೀರಲ್ಲಿ ಒರೆಸಿ. ಕಿಟಕಿ ತೆರೆದಿರಲಿ. ಕಕ್ಕಸಿನ ಆಸಿಡ್ ಜೊತೆ ಮಾತ್ರ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ನಮ್ಮ ಕಡೆ ಬಿಸಿಲಿಗೆ, ಬಾಯಿ ತೆರೆದಿಟ್ಟ ಚೀಲದ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮೂಗಿಗೆ ಹೊಡೆಯದ ಪೌಡರ್ ತಂದು ಪ್ರಯೋಜನವಿಲ್ಲ. ದಿನಾ ಹೊಸದಾಗಿ ಕಲಸಿ.

ಕಾಯಿಲೆಯವರಿಗೆ ಬೇರೆ ರೂಮು, ಬೇರೆ ಕಕ್ಕಸು ಕೊಡಿ. ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡಿಸಿ. ಮೂತ್ರ ನಿಂತರೆ, ಮಂಪರು ಬಂದರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಅಕ್ಕಿ ತೊಳೆದ ನೀರಿನಂತೆ ಭೇದಿಯಾದರೆ ತಕ್ಷಣ ಆಸ್ಪತ್ರೆಗೆ ಸೇರಿಸಿ. ಆರೋಗ್ಯ ಇಲಾಖೆಗೆ ಇವತ್ತೇ ತಿಳಿಸಿ. ಮಲದ ಮತ್ತು ಕುಡಿಯುವ ನೀರಿನ ಪರೀಕ್ಷೆ ಅವರು ಮಾಡಿಸುತ್ತಾರೆ. ನೀವು ಟ್ಯಾಂಕ್ ತೊಳೆಸಿದ್ದು ತಪ್ಪಲ್ಲ, ಆದರೆ ಅಲ್ಲಿಗೇ ನಿಲ್ಲಬೇಡಿ.

ನಿಮ್ಮ ಆವರಣದಲ್ಲಿ ಕೂಸಿನ ಮನೆ ಇದ್ದರೆ ಆ ಪುಟ್ಟ ಮಕ್ಕಳಲ್ಲಿ ರೋಟಾವೈರಸ್ ಕೂಡ ಇರಬಹುದು. ಅಲ್ಲಿ ಕುಂಡಿ ತೊಳೆಸಿದ ಕೈಯೇ ಊಟ ತಿನ್ನಿಸುವ ಕೈ. ನಡುವೆ ಸೋಪು ಇಲ್ಲದಿದ್ದರೆ ಮುಗಿಯಿತು. ರೋಟಾಗೆ 6, 10, 14ನೇ ವಾರದಲ್ಲಿ ಬಾಯಿಗೆ ಹಾಕುವ ಉಚಿತ ಲಸಿಕೆ ಇದೆ, ತಾಯಿ ಕಾರ್ಡ್ ನೋಡಿ. ನೊರೊಗೆ ಲಸಿಕೆ ಇಲ್ಲ.

ಇನ್ನು ಅಡುಗೆಯವರ ವಿಷಯ. ಹೊಟ್ಟೆ ಕೆಟ್ಟಿದ್ದರೆ, ವಾಂತಿ-ಭೇದಿ ನಿಂತು ಪೂರ್ತಿ 48 ಗಂಟೆ ಆಗುವವರೆಗೆ ಯಾರೂ ರೊಟ್ಟಿ ಬಡಿಯಬಾರದು, ಬಡಿಸಲೂಬಾರದು. ಬಡಿಸುವ ಪಾಳಿಯ ಹುಡುಗರಿಗೂ ಇದೇ ಲೆಕ್ಕ. ಆಮೇಲೂ ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮಲದಲ್ಲಿ ವೈರಸ್ ಬರುತ್ತಿರುತ್ತದೆ, ಹಾಗಾಗಿ ಸೋಪು ಬಿಡುವಂತಿಲ್ಲ. ಆದರೆ ರಜೆ ಕೊಟ್ಟ ದಿನದ ಕೂಲಿ ಕತ್ತರಿಸಬೇಡಿ. ಕತ್ತರಿಸಿದರೆ, ಕೆಲಸದಿಂದ ತೆಗೆಯುವ ಮಾತಾಡಿದರೆ, ಮುಂದಿನ ಸಲ ಹೊಟ್ಟೆ ಕೆಟ್ಟದ್ದನ್ನು ಯಾರೂ ನಿಮಗೆ ಹೇಳುವುದಿಲ್ಲ. ಸುಮ್ನೆ ಬಂದು ಹಿಟ್ಟು ನಾದುತ್ತಾರೆ.